ಎಸ್‌ಟಿಪಿ ಏರಿದರೂ ಬಿಲ್ ಖರ್ಚು ಯಾಕೆ ಇಳಿಯುವುದಿಲ್ಲ?

ಸಪ್ಲೈಯರ್ ಬಿಲ್ ಪಾಸ್ ಮಾಡುವ ಕೆಲಸಕ್ಕೆ ಸಾಫ್ಟ್‌ವೇರ್ ತಂದ ಕಂಪನಿಯಲ್ಲಿ ಒಂದಲ್ಲ ಒಂದು ದಿನ ಫೈನಾನ್ಸ್ ಮುಖ್ಯಸ್ಥರು ಕೇಳೇ ಕೇಳುತ್ತಾರೆ: ಹಾಕಿದ ದುಡ್ಡಿಗೆ ಏನು ಸಿಕ್ಕಿತು? ಉತ್ತರವಾಗಿ ಎರಡು ಅಂಕಿ ಬರುತ್ತವೆ. ಮೊದಲನೆಯದು ಒಂದು ಬಿಲ್ಲಿಗೆ ತಗಲುವ ಸರಾಸರಿ ಖರ್ಚು. ಎರಡನೆಯದು ಸ್ಟ್ರೇಟ್-ಥ್ರೂ ಪ್ರೊಸೆಸಿಂಗ್, ಅಂದರೆ ಎಸ್‌ಟಿಪಿ. ಬಂದ ಬಿಲ್‌ಗಳಲ್ಲಿ ಶೇಕಡಾ ಎಷ್ಟು ಯಾರೂ ಮುಟ್ಟದೆ ತಾವಾಗಿಯೇ ಪಾಸಾದವು ಅನ್ನುವ ಲೆಕ್ಕ ಅದು.

ಪೀಣ್ಯದ ಫ್ಯಾಕ್ಟರಿಯ ಅಕೌಂಟ್ಸ್ ವಿಭಾಗದಲ್ಲೂ ಇದೇ ಎರಡು ಅಂಕಿ. ಬೆಂಗಳೂರಿನ ಶೇರ್ಡ್ ಸರ್ವಿಸ್ ಸೆಂಟರ್‌ಗಳಲ್ಲಿ ಕೂತು ಜರ್ಮನಿ, ಅಮೆರಿಕದ ಬಿಲ್‌ಗಳನ್ನು ಪಾಸ್ ಮಾಡುವವರ ತಿಂಗಳ ರಿಪೋರ್ಟಿನಲ್ಲೂ ಇವೇ. ಎಸ್‌ಟಿಪಿ ಏರಿದರೆ ಖರ್ಚು ಇಳಿಯಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಕಡೆ ಹಾಗೆ ಆಗುವುದಿಲ್ಲ. ಆಗ ಸಾಫ್ಟ್‌ವೇರ್ ಸರಿಯಿಲ್ಲ ಅಂತಲೋ, ಟೀಮ್ ಕಲಿಯಲಿಲ್ಲ ಅಂತಲೋ ಮಾತು ಶುರುವಾಗುತ್ತದೆ. ನನ್ನ ಪ್ರಕಾರ ತೊಂದರೆ ಇರುವುದು ಆ ಎರಡು ಅಂಕಿಗಳನ್ನು ಲೆಕ್ಕ ಹಾಕುವ ರೀತಿಯಲ್ಲಿ. ದುಡ್ಡು ಖರ್ಚಾಗುವುದು ಪಾಸಾದ ಬಿಲ್‌ಗಳ ಮೇಲಲ್ಲ, ನಿಂತ ಬಿಲ್‌ಗಳ ಮೇಲೆ. ನಿಂತ ಬಿಲ್‌ಗಳ ಬಗ್ಗೆ ಈ ಎರಡೂ ಅಂಕಿಗಳು ಏನೂ ಹೇಳುವುದಿಲ್ಲ.

ಲೆಕ್ಕಕ್ಕೆ ಅಂತ ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ವಾಹನಗಳ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಫ್ಯಾಕ್ಟರಿ. ತಿಂಗಳಿಗೆ 5,000 ಬಿಲ್ ಬರುತ್ತವೆ. ಮೊದಲು ಈ ಬಿಲ್‌ಗಳನ್ನು ನೋಡಿಕೊಳ್ಳುವ ಅಕೌಂಟ್ಸ್ ಪೇಯಬಲ್, ಅಂದರೆ ಎಪಿ ಟೀಮಿನಲ್ಲಿ 9 ಜನ ಇದ್ದರು. ಸಂಬಳ, ಪಿಎಫ್, ಕೂರುವ ಜಾಗ ಎಲ್ಲ ಸೇರಿ ಒಬ್ಬರಿಗೆ ತಿಂಗಳಿಗೆ 40,000 ರೂಪಾಯಿ, ಒಟ್ಟು 3,60,000. ಸ್ಕ್ಯಾನಿಂಗ್, ಕೊರಿಯರ್, ಫೈಲ್ ಇಡುವ ಖರ್ಚು 25,000. ಇಡೀ ಕಂಪನಿಯ ಲೆಕ್ಕ ನಡೆಸುವ ಇಆರ್‌ಪಿ ಸಿಸ್ಟಂ ಖರ್ಚಿನಲ್ಲಿ ಈ ವಿಭಾಗದ ಪಾಲು 40,000. ಎಲ್ಲ ಸೇರಿ 4,25,000. ಒಂದು ಬಿಲ್ಲಿಗೆ 85 ರೂಪಾಯಿ.

ಸಾಫ್ಟ್‌ವೇರ್ ಬಂತು. ಟೀಮ್ 6 ಜನಕ್ಕೆ ಇಳಿಯಿತು, ಸಂಬಳದ ಖರ್ಚು 2,40,000 ಆಯಿತು. ಸಾಫ್ಟ್‌ವೇರ್ ಕಂಪನಿಗೆ ಬಿಲ್ಲೊಂದಕ್ಕೆ 15 ರೂಪಾಯಿಯಂತೆ 75,000. ಸ್ಕ್ಯಾನಿಂಗ್ 5,000ಕ್ಕೆ ಇಳಿಯಿತು. ಇಆರ್‌ಪಿ ಪಾಲು ಹಾಗೇ ಉಳಿಯಿತು. ಒಟ್ಟು 3,60,000, ಅಂದರೆ ಬಿಲ್ಲಿಗೆ 72 ರೂಪಾಯಿ. ಸಾಫ್ಟ್‌ವೇರ್ ಕಂಪನಿಯ ಡ್ಯಾಶ್‌ಬೋರ್ಡ್ ಪ್ರಕಾರ ಎಸ್‌ಟಿಪಿ 62%. ಮೂರರಲ್ಲಿ ಸುಮಾರು ಎರಡು ಬಿಲ್ ತಾವಾಗಿಯೇ ಪಾಸಾಗುತ್ತಿದ್ದರೆ ಖರ್ಚು ಬರೀ 15% ಇಳಿದದ್ದು ಯಾಕೆ?

62% ಯಾವುದರ ಮೇಲೆ?

ಮೊದಲು ಕೇಳಬೇಕಾದ ಪ್ರಶ್ನೆ ಇದು. ನಮ್ಮ ಕಂಪನಿಗೆ ಬಂದ 5,000 ಬಿಲ್‌ಗಳಲ್ಲಿ 600 ಬಾಗಿಲಲ್ಲೇ ವಾಪಸ್ ಹೋದವು. ಒಂದರಲ್ಲಿ ಖರೀದಿ ಆದೇಶದ, ಅಂದರೆ ಪಿಒ ನಂಬರ್ ಇಲ್ಲ, ಇನ್ನೊಂದರಲ್ಲಿ ಜಿಎಸ್‌ಟಿಐಎನ್ ಅನ್ನುವ ಜಿಎಸ್‌ಟಿ ನೋಂದಣಿ ನಂಬರ್ ತಪ್ಪು, ಮತ್ತೊಂದರಲ್ಲಿ ಇ-ಇನ್‌ವಾಯ್ಸ್ ಕ್ಯೂಆರ್ ಇಲ್ಲ. ಇನ್ನು 1,400 ಬಿಲ್‌ಗಳಿಗೆ ಪಿಒ ಅನ್ನುವುದೇ ಇಲ್ಲ: ಬಾಡಿಗೆ, ಕರೆಂಟ್, ಕ್ಯಾಂಟೀನ್, ಕೊರಿಯರ್, ಕ್ಯಾಬ್. ಇವು ಬೇರೆ ದಾರಿಯಲ್ಲಿ, ಯಾರದ್ದೋ ಒಪ್ಪಿಗೆ ಪಡೆದು ಹೋಗುತ್ತವೆ. ಉಳಿದ 3,000 ಮಾತ್ರ ಪಿಒ ಬಿಲ್‌ಗಳು. ಅವುಗಳಲ್ಲಿ 1,860 ತಾವಾಗಿಯೇ ಪಾಸಾದವು. 1,860ನ್ನು 3,000ದಿಂದ ಭಾಗಿಸಿದರೆ 62%. ಬಂದ ಎಲ್ಲ 5,000ದಿಂದ ಭಾಗಿಸಿದರೆ 37%.

ಎರಡೂ ಲೆಕ್ಕ ಸುಳ್ಳಲ್ಲ. ಸಾಫ್ಟ್‌ವೇರ್‌ನ ಮ್ಯಾಚಿಂಗ್, ಅಂದರೆ ಬಿಲ್ಲನ್ನು ಪಿಒ ಜೊತೆ ತಾಳೆ ನೋಡುವ ಕೆಲಸ, ಎಷ್ಟು ಚೆನ್ನಾಗಿದೆ ಅಂತ ನೋಡಲು 62 ಸರಿಯಾದ ಅಂಕಿ. ಟೀಮಿನಲ್ಲಿ ಎಷ್ಟು ಜನ ಬೇಕು ಅಂತ ನೋಡಲು 37 ಬೇಕು, ಯಾಕೆಂದರೆ ವಾಪಸ್ ಕಳಿಸಿದ ಬಿಲ್ಲಿಗೂ ಯಾರೋ ಮೇಲ್ ಬರೆದಿರುತ್ತಾರೆ, ಬಾಡಿಗೆ ಬಿಲ್ಲಿಗೂ ಯಾರೋ ಖರ್ಚಿನ ಕೋಡ್ ಹಾಕಿ ಟಿಡಿಎಸ್ ನೋಡಿರುತ್ತಾರೆ. ಒಂದು ಬಿಲ್ಲಿನ ಖರ್ಚು ಲೆಕ್ಕ ಹಾಕುವಾಗ 5,000ದಿಂದ ಭಾಗಿಸಿ, ಎಸ್‌ಟಿಪಿ ಲೆಕ್ಕ ಹಾಕುವಾಗ 3,000ದಿಂದ ಭಾಗಿಸಿ, ಎರಡನ್ನೂ ಒಂದೇ ಸ್ಲೈಡಿನಲ್ಲಿ ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಹೊಂದುವುದೇ ಇಲ್ಲ. ಎಷ್ಟೋ ಜಗಳ ಇಲ್ಲಿಂದಲೇ ಹುಟ್ಟುತ್ತದೆ.

ಎರಡನೇ ಪ್ರಶ್ನೆ: ಪಾಸ್ ಆಯಿತು ಅಂದರೆ ಎಲ್ಲಿಯವರೆಗೆ? ಎಸ್‌ಎಪಿ ಅನ್ನುವ ಇಆರ್‌ಪಿ ಬಳಸುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. `MIRO` ಮೂಲಕ ಪಿಒ ಬಿಲ್ ಪೋಸ್ಟ್ ಮಾಡುವಾಗ ಬೆಲೆ ಅಥವಾ ಪ್ರಮಾಣ ಮಿತಿಗಿಂತ ಆಚೆ ಇದ್ದರೂ ಬಿಲ್ ಪೋಸ್ಟ್ ಆಗುತ್ತದೆ, ಆದರೆ ಪೇಮೆಂಟಿಗೆ ಬ್ಲಾಕ್ ಬೀಳುತ್ತದೆ. ಆಮೇಲೆ ಯಾರೋ ಒಬ್ಬರು `MRBR` ತೆರೆದು, ಪರ್ಚೇಸ್‌ನವರನ್ನು ಕೇಳಿ, ಬ್ಲಾಕ್ ತೆಗೆಯಬೇಕು. ಪೋಸ್ಟ್ ಆದ ಕ್ಷಣಕ್ಕೆ ಎಸ್‌ಟಿಪಿ ಎಣಿಕೆ ನಿಲ್ಲಿಸಿದರೆ ಈ ಬಿಲ್ಲೂ ಟಚ್‌ಲೆಸ್ ಪಟ್ಟಿಯಲ್ಲೇ ಕೂರುತ್ತದೆ. ಆದರೆ ನಿಜವಾದ ಕೆಲಸ ಆಗಿನ್ನೂ ಶುರುವಾಗಿರುತ್ತದೆ ಅಷ್ಟೇ.

ಅನುಮೋದನೆಯ ಕ್ಲಿಕ್ ವಿಷಯವೂ ಹೀಗೇ. ಮ್ಯಾನೇಜರ್ ಮೊಬೈಲಿನಲ್ಲಿ ಅಪ್ರೂವ್ ಒತ್ತಿದರೆ ಅದು ಟಚ್ ಅಲ್ಲ ಅಂತ ಎಣಿಸುವ ರಿಪೋರ್ಟ್‌ಗಳಿವೆ. ನಾನು ಅದನ್ನು ಒಪ್ಪುವುದಿಲ್ಲ. ಆ ಮ್ಯಾನೇಜರ್ ಸಂಬಳವೂ ಕಂಪನಿಯದ್ದೇ, ಅವರು ಬಿಲ್ ನೋಡದೆ ಒತ್ತಿದ್ದರೆ ಅದು ಇನ್ನೂ ದೊಡ್ಡ ಸಮಸ್ಯೆ.

ನಮ್ಮ ಲೆಕ್ಕದ ಕಂಪನಿಯಲ್ಲಿ 1,860ರ ಪೈಕಿ 310 ಬಿಲ್‌ಗಳನ್ನು ಆಮೇಲೆ ಯಾರಾದರೂ ಮುಟ್ಟಿದ್ದಾರೆ ಅಂತ ಇಟ್ಟುಕೊಳ್ಳೋಣ: ಬ್ಲಾಕ್ ತೆಗೆಯಲು, ಟಿಡಿಎಸ್ ತಿದ್ದಲು, ತಪ್ಪಿಗೆ ಡೆಬಿಟ್ ನೋಟ್ ಹಾಕಲು. ಹಾಗಾದರೆ ಬಂದಾಗಿನಿಂದ ಬ್ಯಾಂಕಿಗೆ ಹೋಗುವವರೆಗೂ ಯಾರೂ ಮುಟ್ಟದ ಬಿಲ್ 1,550 ಮಾತ್ರ. 5,000ದಲ್ಲಿ 31%. ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಬಿಲ್ ಡಾಕ್ಯುಮೆಂಟನ್ನು ಯಾವ ಯೂಸರ್ ಐಡಿ ಹುಟ್ಟಿಸಿತು, ಆಮೇಲೆ ಯಾವ ಐಡಿ ಬದಲಾಯಿಸಿತು ಅನ್ನುವುದು ಸಿಸ್ಟಂನಲ್ಲೇ ದಾಖಲಾಗಿರುತ್ತದೆ. ಎಸ್‌ಎಪಿಯಲ್ಲಿ `RBKP` ಟೇಬಲ್‌ನ `USNAM` ಮತ್ತು ಬದಲಾವಣೆಗಳ `CDHDR` ನೋಡಿದರೆ ಆರಂಭಕ್ಕೆ ಸಾಕು. ಸಾಫ್ಟ್‌ವೇರ್ ಕಂಪನಿಯ ಡ್ಯಾಶ್‌ಬೋರ್ಡ್‌ಗಿಂತ ಇದನ್ನು ನಂಬಬಹುದು.

ನಿಂತ ಬಿಲ್ಲಿನ ಬೆಲೆ

ಈಗ ಖರ್ಚಿಗೆ ಬರೋಣ. 72 ರೂಪಾಯಿ ಅನ್ನುವುದು ಸರಾಸರಿ. ಆದರೆ ನಿಜವಾಗಿ 72 ರೂಪಾಯಿ ತಗಲುವ ಬಿಲ್ ಅಂತ ಹೆಚ್ಚೇನೂ ಇರುವುದಿಲ್ಲ.

ಸಾಫ್ಟ್‌ವೇರ್, ಇಆರ್‌ಪಿ, ಸ್ಕ್ಯಾನಿಂಗ್ ಮೂರೂ ಸೇರಿ 1,20,000. ಇದನ್ನು 5,000ಕ್ಕೆ ಹಂಚಿದರೆ ಪ್ರತಿ ಬಿಲ್ಲಿಗೆ 24 ರೂಪಾಯಿ. ತಾನಾಗಿಯೇ ಪಾಸಾದ ಬಿಲ್ಲಿಗೆ ಆಗುವ ಖರ್ಚು ಹೆಚ್ಚುಕಡಿಮೆ ಇಷ್ಟೇ. ಉಳಿದ 2,40,000 ಜನರ ಖರ್ಚು. 6 ಜನ, ತಿಂಗಳಿಗೆ 22 ದಿನ, ದಿನಕ್ಕೆ 6 ಗಂಟೆ ನಿಜವಾದ ಕೆಲಸ ಅಂತ ಹಿಡಿದರೆ 47,520 ನಿಮಿಷ. ನಿಮಿಷಕ್ಕೆ 5 ರೂಪಾಯಿ. ಈ ನಿಮಿಷದ ದರ ಕೈಯಲ್ಲಿದ್ದರೆ ಮುಂದಿನದ್ದೆಲ್ಲ ಸುಲಭ.

ವಾಪಸ್ ಹೋದ 600 ಮತ್ತು ಪಿಒ ಇಲ್ಲದ 1,400, ಒಟ್ಟು 2,000 ಬಿಲ್‌ಗಳಿಗೆ ತಲಾ 10 ನಿಮಿಷ ಹಿಡಿದರೆ 20,000 ನಿಮಿಷ ಹೋಯಿತು. ಉಳಿಯುವುದು ಸುಮಾರು 27,500. ಆಮೇಲೆ ಮುಟ್ಟಿದ 310 ಬಿಲ್‌ಗಳ ಸಮಯವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟರೆ, ಇಷ್ಟೂ ಸಮಯ ಮ್ಯಾಚ್ ಆಗದೆ ನಿಂತ 1,140 ಪಿಒ ಬಿಲ್‌ಗಳಿಗೆ ಹೋಗುತ್ತದೆ. ತಲಾ 24 ನಿಮಿಷ, 120 ರೂಪಾಯಿ. ಅದಕ್ಕೆ 24 ಸೇರಿಸಿ, ಒಂದು ಬಿಲ್ಲಿಗೆ 144. ಅಂದರೆ ಟಚ್‌ಲೆಸ್ ಬಿಲ್ಲಿನ ಆರು ಪಟ್ಟು.

ಈ 24 ನಿಮಿಷವೂ ಸರಾಸರಿಯೇ. 1,140ರಲ್ಲಿ 600 ಬಿಲ್‌ಗಳದ್ದು ಸಣ್ಣ ತಕರಾರು: ಪೈಸೆ ರೌಂಡ್ ಮಾಡಿದ್ದರಲ್ಲಿ ವ್ಯತ್ಯಾಸ, ಬೆಲೆಯಲ್ಲಿ ಒಂದೆರಡು ಪರ್ಸೆಂಟ್ ಹೆಚ್ಚುಕಡಿಮೆ. 5 ನಿಮಿಷದಲ್ಲಿ ನೋಡಿ ಮುಗಿಸಬಹುದು. ಉಳಿದ 540 ಬಿಲ್‌ಗಳು ಒಂದೊಂದೂ 45 ನಿಮಿಷ ತಿನ್ನುತ್ತವೆ. ಒಂದೇ ಸಲಕ್ಕೆ ಅಲ್ಲ. ಇವತ್ತು ಒಂದು ಮೇಲ್, ನಾಳೆ ಸ್ಟೋರ್ಸ್‌ಗೆ ಫೋನ್, ನಾಡಿದ್ದು ಸಪ್ಲೈಯರ್ ಕಡೆಯಿಂದ ‘ನಮ್ ಪೇಮೆಂಟ್ ಏನಾಯ್ತು ಸಾರ್’ ಅಂತ ಕರೆ, ಮತ್ತೆ ಮೊದಲಿಂದ ಫೈಲ್ ತೆರೆಯುವುದು. 540ನ್ನು 45ರಿಂದ, ಅದನ್ನು 5ರಿಂದ ಗುಣಿಸಿದರೆ 1,21,500 ರೂಪಾಯಿ. ಬಂದ ಬಿಲ್‌ಗಳಲ್ಲಿ 11% ಮಾತ್ರ ಇವು, ಆದರೆ ಎಪಿ ಟೀಮಿನ ಸಂಬಳದ ಅರ್ಧ ಇವೇ ತಿನ್ನುತ್ತವೆ.

ಇನ್ನು ಮುಂದಿನ ವರ್ಷದ ಗುರಿ ಅಂತ ಎಸ್‌ಟಿಪಿಯನ್ನು 62ರಿಂದ 72ಕ್ಕೆ ಏರಿಸಿ ಅಂತ ಹೇಳಿದರು ಅನ್ನಿ. 3,000ದಲ್ಲಿ 10% ಅಂದರೆ 300 ಬಿಲ್. ಟೀಮ್ ಯಾವ 300ನ್ನು ಆರಿಸಿಕೊಳ್ಳುತ್ತದೆ? ಸುಲಭದ್ದನ್ನೇ, ಅಲ್ವಾ? ಗುರಿ ಇರುವುದು ಪರ್ಸೆಂಟ್ ಮೇಲೆ, ಹಾಗಾಗಿ ಅವರ ತಪ್ಪೂ ಅಲ್ಲ. ಸುಲಭದ 300 ಬಿಲ್ ಪಾಸ್ ಆದರೆ ಉಳಿಯುವುದು 1,500 ನಿಮಿಷ, 7,500 ರೂಪಾಯಿ. 5,000 ಬಿಲ್ಲಿಗೆ ಹಂಚಿದರೆ ಒಂದೂವರೆ ರೂಪಾಯಿ. ಅದೂ ಕಾಗದದ ಮೇಲೆ ಮಾತ್ರ, ಯಾಕೆಂದರೆ ಒಬ್ಬರ ತಿಂಗಳ ಕೆಲಸ 7,920 ನಿಮಿಷ, 1,500 ನಿಮಿಷ ಉಳಿಸಿದ್ದಕ್ಕೆ ಸಂಬಳದ ಪಟ್ಟಿಯಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲ. ಕಷ್ಟದ 300 ಬಿಲ್ ಸರಿಹೋದರೆ ಉಳಿಯುವುದು 13,500 ನಿಮಿಷ, 67,500 ರೂಪಾಯಿ. ಬಿಲ್ಲಿಗೆ 13 ರೂಪಾಯಿ 50 ಪೈಸೆ. ಒಬ್ಬರಿಗಿಂತ ಜಾಸ್ತಿ ಜನರನ್ನು ಬೇರೆ ಕೆಲಸಕ್ಕೆ ಹಾಕಬಹುದು. ಎರಡೂ ಸಲ ಡ್ಯಾಶ್‌ಬೋರ್ಡ್ ತೋರಿಸುವುದು 72% ಅಂತಲೇ. ದುಡ್ಡಿನಲ್ಲಿ ಮಾತ್ರ ಒಂಬತ್ತು ಪಟ್ಟು ವ್ಯತ್ಯಾಸ.

ಎಸ್‌ಟಿಪಿ ಏರಿದರೂ ಖರ್ಚು ಇಳಿಯದ ಕಾರಣ ಇಲ್ಲೇ ಇದೆ.

ಟಾಲರೆನ್ಸ್ ಸಡಿಲಿಸುವ ದಾರಿ

ಎಸ್‌ಟಿಪಿ ಏರಿಸಲು ಇನ್ನೂ ಸುಲಭದ ದಾರಿ ಇದೆ, ನನಗೆ ನಿಜಕ್ಕೂ ಭಯವಾಗುವುದು ಇದರ ಬಗ್ಗೆಯೇ. ಪಿಒ ಬೆಲೆಗೂ ಬಿಲ್ ಬೆಲೆಗೂ ಎಷ್ಟು ವ್ಯತ್ಯಾಸ ಇದ್ದರೆ ಬಿಡಬಹುದು ಅನ್ನುವುದು ಟಾಲರೆನ್ಸ್. ಅದನ್ನು ಅರ್ಧ ಪರ್ಸೆಂಟಿನಿಂದ ಎರಡು ಪರ್ಸೆಂಟಿಗೆ ಏರಿಸಿದರೆ ಮರುದಿನವೇ ಎಸ್‌ಟಿಪಿ ಮೇಲೇರುತ್ತದೆ. ಯಾವ ಕೆಲಸವೂ ಸುಧಾರಿಸಿರುವುದಿಲ್ಲ.

ಆ 300 ಸುಲಭದ ಬಿಲ್‌ಗಳನ್ನೇ ಹೀಗೆ ಬಿಟ್ಟೆವು ಅಂದುಕೊಳ್ಳಿ. ಒಂದೊಂದು ಬಿಲ್ಲೂ ಸರಾಸರಿ 60,000 ರೂಪಾಯಿಯದ್ದು, ಸಪ್ಲೈಯರ್ ಸರಾಸರಿ 1% ಜಾಸ್ತಿ ಹಾಕಿದ್ದಾರೆ ಅಂತ ಹಿಡಿಯಿರಿ. ಬಿಲ್ಲಿಗೆ 600 ರೂಪಾಯಿಯಂತೆ ತಿಂಗಳಿಗೆ 1,80,000 ರೂಪಾಯಿ ಸೋರಿಹೋಗುತ್ತದೆ. ಉಳಿಸಿದ್ದು 7,500. ಎಲ್ಲ ವ್ಯತ್ಯಾಸವೂ ಒಂದೇ ದಿಕ್ಕಿನಲ್ಲಿ ಇರುವುದಿಲ್ಲ, ಕೆಲವರು ಕಡಿಮೆ ಹಾಕಿರುತ್ತಾರೆ, ಅದು ನಿಜ. ಆದರೆ ಎಷ್ಟರವರೆಗೆ ಹಾಕಿದರೆ ಯಾರೂ ಕೇಳುವುದಿಲ್ಲ ಅನ್ನುವುದು ಸಪ್ಲೈಯರ್‌ಗಳಿಗೆ ಬೇಗ ಗೊತ್ತಾಗುತ್ತದೆ. ಈ ಸೋರಿಕೆ ಬಿಲ್ ಖರ್ಚಿನ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ, ಅದು ಕಚ್ಚಾಮಾಲಿನ ಖರ್ಚಿನಲ್ಲಿ ಸೇರಿಹೋಗುತ್ತದೆ. ಹೀಗಾಗಿ ಎರಡೂ ಅಂಕಿ ಒಟ್ಟಿಗೆ ಸುಧಾರಿಸಿದಂತೆ ಕಾಣುತ್ತವೆ, ಕಂಪನಿ ಮಾತ್ರ ಕಳೆದುಕೊಳ್ಳುತ್ತಿರುತ್ತದೆ.

ಇದನ್ನು ಹಿಡಿಯುವುದು ಹೇಗೆ? ಟಾಲರೆನ್ಸ್ ಒಳಗೆ ಪಾಸಾದ ವ್ಯತ್ಯಾಸಗಳನ್ನು ಪ್ಲಸ್, ಮೈನಸ್ ಸಮೇತ ಸಪ್ಲೈಯರ್‌ವಾರು ಕೂಡಿಸಿ ನೋಡಿ. ನಿಜವಾದ ರೌಂಡಿಂಗ್ ಆಗಿದ್ದರೆ ಮೊತ್ತ ಸೊನ್ನೆಯ ಹತ್ತಿರ ಇರಬೇಕು. ಒಬ್ಬ ಸಪ್ಲೈಯರ್‌ದು ತಿಂಗಳಿಂದ ತಿಂಗಳಿಗೆ ಪ್ಲಸ್ ಕಡೆಗೇ ಬೆಳೆಯುತ್ತಿದ್ದರೆ ಅಲ್ಲಿ ಮಾತಾಡಬೇಕು. ಟಾಲರೆನ್ಸ್ ಇಡುವಾಗ ಪರ್ಸೆಂಟ್ ಜೊತೆಗೆ ರೂಪಾಯಿ ಮಿತಿಯನ್ನೂ ಹಾಕಬೇಕು. 1% ಅಥವಾ 200 ರೂಪಾಯಿ, ಯಾವುದು ಕಡಿಮೆಯೋ ಅದು. ಹತ್ತು ಲಕ್ಷದ ಬಿಲ್ಲಿನಲ್ಲಿ 1% ಅಂದರೆ ಹತ್ತು ಸಾವಿರ, ಅದನ್ನು ಯಾರೂ ನೋಡದೆ ಬಿಡಬಾರದು.

540 ಬಿಲ್‌ಗಳು ಯಾಕೆ ನಿಂತವು?

ಕಾರಣಗಳನ್ನು ಬಿಡಿಸಿ ನೋಡಿದರೆ ಒಂದು ವಿಷಯ ಕಾಣುತ್ತದೆ: ಅವುಗಳಲ್ಲಿ ಹೆಚ್ಚಿನವು ಎಪಿ ಟೀಮಿನ ಕೈಯಲ್ಲೇ ಇಲ್ಲ.

ಮೊದಲನೆಯದು ಜಿಆರ್‌ಎನ್, ಅಂದರೆ ಮಾಲು ಬಂತು ಅನ್ನುವ ದಾಖಲೆ, ತಡವಾಗುವುದು. ತ್ರೀ-ವೇ ಮ್ಯಾಚ್ ಅಂದರೆ ಪಿಒ, ಜಿಆರ್‌ಎನ್, ಬಿಲ್ ಮೂರೂ ತಾಳೆಯಾಗಬೇಕು. ಲಾರಿ ರಾತ್ರಿ ಹನ್ನೊಂದಕ್ಕೆ ಬಂತು. ಗೇಟ್ ಎಂಟ್ರಿ ಆಯಿತು. ಮಾಲು ಕ್ವಾಲಿಟಿ ತಪಾಸಣೆಗೆ ಕಾಯುತ್ತಾ ಕೂತಿತು. ಸ್ಟೋರ್ಸ್‌ನವರು ಜಿಆರ್‌ಎನ್ ಹಾಕಿದ್ದು ಎರಡು ದಿನದ ಮೇಲೆ. ಬಿಲ್ ಮಾತ್ರ ಲಾರಿ ಹೊರಟ ಗಳಿಗೆಯಲ್ಲೇ ಮೇಲ್‌ನಲ್ಲಿ ಬಂದಿದೆ. ಸಾಫ್ಟ್‌ವೇರ್ ತಕ್ಷಣ ಮ್ಯಾಚ್ ಮಾಡಲು ನೋಡಿ, ಜಿಆರ್‌ಎನ್ ಇಲ್ಲ ಅಂತ ಎಪಿ ಕ್ಯೂಗೆ ತಳ್ಳುತ್ತದೆ. ಯಾರೋ ಅದನ್ನು ತೆರೆದು ಸ್ಟೋರ್ಸ್‌ಗೆ ಮೇಲ್ ಹಾಕುತ್ತಾರೆ. ಮೂರನೇ ದಿನ ಜಿಆರ್‌ಎನ್ ಬಂದಿರುತ್ತದೆ, ಆದರೆ ಬಿಲ್ ಈಗ ಮನುಷ್ಯರ ಕ್ಯೂನಲ್ಲಿದೆ, ಮತ್ತೆ ಮನುಷ್ಯರೇ ನೋಡಬೇಕು. ಇದಕ್ಕೆ ಪರಿಹಾರ ತುಂಬಾ ಸರಳ. ಬಿಲ್ಲನ್ನು ಯಾರಿಗೂ ಕಳಿಸದೆ ಮೂರು ದಿನ ಹಿಡಿದಿಟ್ಟು, ಕೆಲವು ಗಂಟೆಗೊಮ್ಮೆ ಸಿಸ್ಟಂ ತಾನೇ ಮತ್ತೆ ಮ್ಯಾಚ್ ಮಾಡಿ ನೋಡಬೇಕು. ಮೂರು ದಿನ ಕಳೆದರೂ ಆಗದಿದ್ದರೆ ಮಾತ್ರ ಸ್ಟೋರ್ಸ್‌ಗೆ ಹೋಗಬೇಕು, ಎಪಿಗೆ ಅಲ್ಲ. ಎಷ್ಟು ದಿನ ಅನ್ನುವುದನ್ನು ಅಂದಾಜಿನಲ್ಲಿ ಇಡಬೇಡಿ. ಕಳೆದ ಮೂರು ತಿಂಗಳ ಬಿಲ್ ಬಂದ ಸಮಯ ಮತ್ತು ಜಿಆರ್‌ಎನ್ ಸಮಯದ ಅಂತರ ತೆಗೆದು ನೋಡಿ.

ಎರಡನೆಯದು ಹಿಂದಿನ ತಾರೀಖಿಗೆ ಆಗುವ ಬೆಲೆ ಬದಲಾವಣೆ. ವಾಹನ ಬಿಡಿಭಾಗದ ವ್ಯಾಪಾರದಲ್ಲಿ ಸ್ಟೀಲ್ ಬೆಲೆಗೆ ತಕ್ಕಂತೆ ದರ ತಿದ್ದುವುದು ಸಾಮಾನ್ಯ. ಮಾತುಕತೆ ಮುಗಿಯುವುದು ಮೇ ತಿಂಗಳಲ್ಲಿ, ದರ ಅನ್ವಯವಾಗುವುದು ಏಪ್ರಿಲ್ ಒಂದರಿಂದ. ಪರ್ಚೇಸ್‌ನವರು ಪಿಒ ತಿದ್ದುವುದು ಜೂನ್‌ನಲ್ಲಿ. ಅಲ್ಲಿಯವರೆಗೆ ಆ ಸಪ್ಲೈಯರ್‌ನ ಪ್ರತಿ ಬಿಲ್ಲೂ ನಿಲ್ಲುತ್ತದೆ. ಇಲ್ಲಿ ಎಪಿ ಟೀಮ್ ಎಷ್ಟೇ ಚುರುಕಾಗಿದ್ದರೂ ಏನೂ ಮಾಡಲಾಗದು. ಪಿಒ ತಿದ್ದಲು ಎಷ್ಟು ದಿನ ತಗೊಂಡರು ಅನ್ನುವುದನ್ನು ಪರ್ಚೇಸ್ ಮುಖ್ಯಸ್ಥರ ರಿಪೋರ್ಟಿನಲ್ಲಿ ಹಾಕಿದಾಗ ಮಾತ್ರ ಇದು ಬದಲಾಗುತ್ತದೆ.

ಮೂರನೆಯದು ಮಾಸ್ಟರ್ ಡೇಟಾ. ಬೋಲ್ಟನ್ನು ಪಿಒದಲ್ಲಿ ನಗ ಲೆಕ್ಕದಲ್ಲಿ ಬರೆದಿದ್ದಾರೆ, ಸಪ್ಲೈಯರ್ ಬಿಲ್ ಹಾಕುವುದು ಕೇಜಿಯಲ್ಲಿ. ಪಿಒದಲ್ಲಿ ಇಲ್ಲದ ಸಾಗಾಣಿಕೆ ಖರ್ಚನ್ನು ಬಿಲ್ಲಿನಲ್ಲಿ ಒಂದು ಸಾಲು ಸೇರಿಸಿದ್ದಾರೆ. ಒಮ್ಮೆ ಸರಿಪಡಿಸಿದರೆ ಮತ್ತೆ ಬರದ ಕಾರಣಗಳು ಇವು. ಆದರೂ ಪ್ರತಿ ತಿಂಗಳು ಅದೇ ಬಿಲ್ಲನ್ನು ಅದೇ ವ್ಯಕ್ತಿ ಕೈಯಾರೆ ಸರಿ ಮಾಡಿ ಕಳಿಸುತ್ತಿರುತ್ತಾರೆ, ಯಾಕೆಂದರೆ ಪಿಒ ತಿದ್ದಿಸುವುದಕ್ಕಿಂತ ಅದು ಬೇಗ ಆಗುತ್ತದೆ.

ತೆರಿಗೆ ಬದಲಾದಾಗಲೂ ಇದೇ ಕಥೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು, 28% ಇದ್ದ ವಾಹನ ಬಿಡಿಭಾಗಗಳು 18%ಗೆ ಬಂದವು. ತೆರೆದಿದ್ದ ಪಿಒಗಳಲ್ಲಿ ಹಳೆಯ ತೆರಿಗೆ ಕೋಡ್ ಹಾಗೇ ಇದ್ದರೆ ಹೊಸ ದರದ ಬಿಲ್ ತಾಳೆಯಾಗುವುದಿಲ್ಲ. ಅಂಥ ತಿಂಗಳಲ್ಲಿ ಎಸ್‌ಟಿಪಿ ಬಿದ್ದರೆ ಅದು ಸಾಫ್ಟ್‌ವೇರ್ ಕೆಟ್ಟದ್ದಕ್ಕಲ್ಲ. ಕಾರಣದ ಕೋಡ್ ಹಾಕಿ ಇಟ್ಟವರಿಗೆ ಇದು ಮೊದಲ ವಾರದಲ್ಲೇ ಗೊತ್ತಾಗುತ್ತದೆ. ‘ಇತರೆ’ ಅಂತ ಒಂದೇ ಕೋಡ್ ಇಟ್ಟುಕೊಂಡವರಿಗೆ ತಿಂಗಳ ಕೊನೆಗೂ ಗೊತ್ತಾಗುವುದಿಲ್ಲ.

ಇ-ಇನ್‌ವಾಯ್ಸ್ ಎಷ್ಟು ಕೆಲಸ ಉಳಿಸುತ್ತದೆ

ಭಾರತದಲ್ಲಿ ಈ ಕೆಲಸಕ್ಕೆ ಒಂದು ದೊಡ್ಡ ಅನುಕೂಲ ಇದೆ. 2020ರ ಅಕ್ಟೋಬರ್‌ನಲ್ಲಿ 500 ಕೋಟಿಗೂ ಮೇಲಿನ ವಹಿವಾಟಿನ ಕಂಪನಿಗಳಿಂದ ಶುರುವಾದ ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್, 2023ರ ಆಗಸ್ಟ್ ಹೊತ್ತಿಗೆ 5 ಕೋಟಿ ದಾಟಿದವರಿಗೂ ಕಡ್ಡಾಯವಾಯಿತು. ಅಂಥ ಪ್ರತಿ ಬಿಲ್ಲಿಗೂ ಐಆರ್‌ಎನ್ ಅನ್ನುವ 64 ಅಕ್ಷರದ ಗುರುತಿನ ಸಂಖ್ಯೆ ಇರುತ್ತದೆ. ಸಪ್ಲೈಯರ್‌ನ ಜಿಎಸ್‌ಟಿಐಎನ್, ಬಿಲ್ ನಂಬರ್, ಬಿಲ್ಲಿನ ಬಗೆ, ಹಣಕಾಸು ವರ್ಷ, ಇವುಗಳಿಂದ ಅದು ಹುಟ್ಟುತ್ತದೆ. ಹಾಗಾಗಿ ಒಂದೇ ಬಿಲ್ ಎರಡು ಸಲ ಬಂದರೆ ಐಆರ್‌ಎನ್ ಮೇಲೆಯೇ ಹಿಡಿಯಬಹುದು. ‘0045’ ಅಂತ ಒಮ್ಮೆ, ‘45’ ಅಂತ ಇನ್ನೊಮ್ಮೆ ಟೈಪ್ ಮಾಡಿ ಎರಡು ಸಲ ಪೇಮೆಂಟ್ ಆಗುವ ಹಳೆಯ ರೋಗಕ್ಕೆ ಇದು ಒಳ್ಳೆಯ ಮದ್ದು.

ಆದರೆ ಕ್ಯೂಆರ್ ಕೋಡ್‌ನಲ್ಲಿ ಇರುವುದು ಬಿಲ್ಲಿನ ಮೇಲ್ಭಾಗದ ವಿವರಗಳಷ್ಟೇ: ಇಬ್ಬರ ಜಿಎಸ್‌ಟಿಐಎನ್, ನಂಬರ್, ತಾರೀಖು, ಮೊತ್ತ, ಎಷ್ಟು ಸಾಲುಗಳಿವೆ, ಮುಖ್ಯ ವಸ್ತುವಿನ ಎಚ್‌ಎಸ್‌ಎನ್ ಕೋಡ್, ಐಆರ್‌ಎನ್. ಪ್ರತಿ ಸಾಲಿನ ಬೆಲೆ, ಪ್ರಮಾಣ ಅದರಲ್ಲಿ ಇಲ್ಲ. ತ್ರೀ-ವೇ ಮ್ಯಾಚ್ ನಡೆಯುವುದು ಸಾಲಿನ ಮಟ್ಟದಲ್ಲಿ. ಹಾಗಾಗಿ ಕ್ಯೂಆರ್ ಓದಿದರೆ ಟೈಪ್ ಮಾಡುವ ಕೆಲಸ ಉಳಿಯುತ್ತದೆಯೇ ಹೊರತು ಮ್ಯಾಚಿಂಗ್ ತಾನಾಗಿ ಆಗುವುದಿಲ್ಲ. ಸಾಲುಗಳಿಗೆ ಪಿಡಿಎಫ್ ಓದಿಸಬೇಕು, ಇಲ್ಲವೇ ಸಪ್ಲೈಯರ್‌ನಿಂದ ಇ-ಇನ್‌ವಾಯ್ಸ್‌ನ ಜೇಸನ್ ಫೈಲನ್ನೇ ತರಿಸಿಕೊಳ್ಳಬೇಕು. ಎರಡನೆಯದು ಎಷ್ಟೋ ಮೇಲು. ದೊಡ್ಡ ಇಪ್ಪತ್ತು ಸಪ್ಲೈಯರ್‌ಗಳನ್ನು ಮಾತ್ರ ಹೀಗೆ ಒಪ್ಪಿಸಿದರೂ ಸಾಲು ತಪ್ಪಾಗಿ ಓದಿ ನಿಲ್ಲುವ ಬಿಲ್‌ಗಳು ಬಹಳ ಕಡಿಮೆಯಾಗುತ್ತವೆ.

ಬಿಲ್ ಖರ್ಚು ಹೇಗೆ ದಾರಿ ತಪ್ಪಿಸುತ್ತದೆ

ಬಿಲ್ ಖರ್ಚಿಗೂ ತನ್ನದೇ ತೊಂದರೆಗಳಿವೆ. ದೊಡ್ಡದು ಗಡಿ ಎಲ್ಲಿ ಅನ್ನುವುದು. ಮೊದಲು ಎಪಿಯವರೇ ಸ್ಟೋರ್ಸ್‌ಗೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಈಗ ಸಾಫ್ಟ್‌ವೇರ್ ನಿಂತ ಬಿಲ್ಲನ್ನು ಪರ್ಚೇಸ್, ಸ್ಟೋರ್ಸ್‌ನವರ ಕ್ಯೂಗೂ ಕಳಿಸುತ್ತದೆ. ಕೆಲಸದ ಒಂದು ಪಾಲು ಜಾಗ ಬದಲಿಸಿತು. 1,140 ಬಿಲ್‌ಗಳಿಗೆ ಅವರು ತಲಾ 15 ನಿಮಿಷ ಕೊಟ್ಟರೆ 17,100 ನಿಮಿಷ. ಅವರ ನಿಮಿಷಕ್ಕೆ 7 ರೂಪಾಯಿ ಹಿಡಿದರೆ ಸುಮಾರು 1,20,000. ಇದನ್ನು ಸೇರಿಸಿದರೆ ಬಿಲ್ ಖರ್ಚು 72 ಅಲ್ಲ, 96. ಮೊದಲಿನ 85ರ ಜೊತೆ ಇದನ್ನು ಹಾಗೇ ಹೋಲಿಸುವುದೂ ಸರಿಯಲ್ಲ, ಆಗಲೂ ಅವರ ಸಮಯ ಸ್ವಲ್ಪ ಹೋಗುತ್ತಿತ್ತು. ಎರಡೂ ಕಾಲಕ್ಕೆ ಒಂದೇ ಗಡಿ ಹಾಕಿ ಅಳೆಯಬೇಕು. ಸಾಫ್ಟ್‌ವೇರ್ ಬರುವ ಮೊದಲೇ ಎರಡು ವಾರ ಪರ್ಚೇಸ್, ಸ್ಟೋರ್ಸ್‌ನಲ್ಲಿ ಈ ಕೆಲಸಕ್ಕೆ ಎಷ್ಟು ಹೊತ್ತು ಹೋಗುತ್ತದೆ ಅಂತ ಬರೆದಿಟ್ಟುಕೊಂಡವರಿಗೆ ಮಾತ್ರ ಆಮೇಲೆ ನಿಜವಾದ ಉತ್ತರ ಸಿಗುತ್ತದೆ.

ಇನ್ನೊಂದು ತೊಂದರೆ ಸ್ವಲ್ಪ ವಿಚಿತ್ರ. ತಿಂಗಳಿಗೆ ಒಂದೇ ಬಿಲ್ ಕೊಡುತ್ತಿದ್ದ ಸಪ್ಲೈಯರ್‌ಗಳು ದಿನಕ್ಕೊಂದು ಕೊಡಲು ಶುರು ಮಾಡಿ ಬಿಲ್‌ಗಳು 6,000 ಆದವು ಅನ್ನಿ, ಎಲ್ಲವೂ ಸುಲಭದ್ದೇ. ಒಟ್ಟು ಖರ್ಚು 3,60,000ದಿಂದ 3,75,000ಕ್ಕೆ ಏರುತ್ತದೆ, ಬಿಲ್ ಖರ್ಚು ಮಾತ್ರ 72ರಿಂದ 62.50ಕ್ಕೆ ಇಳಿಯುತ್ತದೆ. ಉಲ್ಟಾ ಮಾಡಿ. ಕೊರಿಯರ್, ಕ್ಯಾಬ್‌ನವರ 400 ಚಿಲ್ಲರೆ ಬಿಲ್‌ಗಳನ್ನು ತಿಂಗಳಿಗೆ ಕೆಲವೇ ಬಿಲ್ ಆಗಿಸಿದಿರಿ. ಬಿಲ್‌ಗಳು ಸುಮಾರು 4,600 ಆದವು, ಸಾಫ್ಟ್‌ವೇರ್ ಶುಲ್ಕ 6,000 ಉಳಿಯಿತು. ಒಟ್ಟು 3,54,000. ಬಿಲ್ ಖರ್ಚು 77! ಒಳ್ಳೆಯ ಕೆಲಸ ಮಾಡಿದವರ ಅಂಕಿ ಕೆಟ್ಟಿತು. ಅದಕ್ಕೇ ಬಿಲ್ ಖರ್ಚಿನ ಪಕ್ಕದಲ್ಲಿ ಒಟ್ಟು ಖರ್ಚು ಮತ್ತು ಒಟ್ಟು ಬಿಲ್ ಸಂಖ್ಯೆ ಎರಡೂ ಇಲ್ಲದ ರಿಪೋರ್ಟನ್ನು ನಾನು ನಂಬುವುದಿಲ್ಲ. ಅಮೆರಿಕದ ಸಂಸ್ಥೆಗಳು ಡಾಲರ್‌ನಲ್ಲಿ ಕೊಡುವ ಬಿಲ್ ಖರ್ಚಿನ ಸರಾಸರಿಯನ್ನು ರೂಪಾಯಿಗೆ ಬದಲಾಯಿಸಿ ಹೋಲಿಸುವುದರಿಂದಲೂ ಪ್ರಯೋಜನ ಇಲ್ಲ. ಅಲ್ಲಿನ ಸಂಬಳ ಬೇರೆ, ಇಲ್ಲಿನ ತೆರಿಗೆ ಕೆಲಸ ಬೇರೆ.

ನಿಂತ ಬಿಲ್ಲಿನ ಇನ್ನೊಂದು ಖರ್ಚು ನಿಮಿಷಗಳಲ್ಲಿ ಕಾಣುವುದಿಲ್ಲ. ಸಪ್ಲೈಯರ್ ಸಣ್ಣ ಅಥವಾ ಅತಿಸಣ್ಣ ಉದ್ಯಮವಾಗಿದ್ದರೆ, ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಬರಹದ ಒಪ್ಪಂದ ಇದ್ದರೂ ಪೇಮೆಂಟ್ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಜೊತೆಗೆ 2024ರ ಏಪ್ರಿಲ್‌ನಿಂದ ಜಾರಿಯಾದ ಆದಾಯ ತೆರಿಗೆ ನಿಯಮದಂತೆ, ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚು ಅಂತ ತೋರಿಸಬಹುದು. ಮಾರ್ಚ್‌ನಲ್ಲಿ ಜಿಆರ್‌ಎನ್ ಇಲ್ಲದೆ ನಿಂತ ಬಿಲ್ ಈ ಗಡುವನ್ನೂ ದಾಟಿ ಮುಂದಿನ ಹಣಕಾಸು ವರ್ಷಕ್ಕೆ ಜಾರಿದರೆ, 144 ರೂಪಾಯಿ ಅನ್ನುವ ಲೆಕ್ಕ ಅಲ್ಲಿಗೇ ಅರ್ಥ ಕಳೆದುಕೊಳ್ಳುತ್ತದೆ. ಎಷ್ಟು ನಿಂತವು ಅನ್ನುವುದರ ಜೊತೆ ಎಷ್ಟು ದಿನ ನಿಂತವು, ಅವುಗಳಲ್ಲಿ ಸಣ್ಣ ಉದ್ಯಮದವು ಯಾವುವು ಅಂತ ಪ್ರತ್ಯೇಕ ಪಟ್ಟಿ ಇರಲೇಬೇಕು.

ಎಸ್‌ಟಿಪಿ ಎಲ್ಲಿ ಮುಗಿಯುತ್ತದೆ ಅನ್ನುವ ಪ್ರಶ್ನೆಗೂ ನಮ್ಮ ದೇಶದಲ್ಲಿ ಬೇರೆಯದೇ ಉತ್ತರ ಬೇಕು. ಬಿಲ್ ಪಾಸಾಗಿ, ದುಡ್ಡು ಹೋದ ಮೇಲೂ ಕೆಲಸ ಉಳಿದಿರುತ್ತದೆ. ಸಪ್ಲೈಯರ್ ತನ್ನ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಆ ಬಿಲ್ ತೋರಿಸದಿದ್ದರೆ, ಮುಂದಿನ ತಿಂಗಳ 14ರಂದು ನಮಗೆ ಬರುವ ಖರೀದಿ ಪಟ್ಟಿ ಜಿಎಸ್‌ಟಿಆರ್-2ಬಿಯಲ್ಲಿ ಅದು ಕಾಣುವುದಿಲ್ಲ, ಕೊಟ್ಟ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಆಗ ಮತ್ತೆ ಫೋನ್, ಮತ್ತೆ ಮೇಲ್. ತಿಂಗಳ ಹಿಂದೆ ಟಚ್‌ಲೆಸ್ ಅಂತ ಎಣಿಸಿದ ಬಿಲ್ ಈಗ ತೆರಿಗೆ ಟೀಮಿನ ಮೇಜಿನ ಮೇಲೆ ಇದೆ. ಹಾಗಾಗಿ ಸಾಫ್ಟ್‌ವೇರ್ ಕಂಪನಿಯ ಜೊತೆ ಒಪ್ಪಂದ ಬರೆಯುವಾಗ ಎಸ್‌ಟಿಪಿ ಗುರಿಯನ್ನು ಬರೀ ಪರ್ಸೆಂಟ್ ಅಂತ ಬರೆಯಬೇಡಿ. ಭಾಗಿಸುವುದು ಬಂದ ಎಲ್ಲ ಬಿಲ್‌ಗಳಿಂದ, ಪೇಮೆಂಟ್ ಬ್ಲಾಕ್ ಬಿದ್ದ ಬಿಲ್ ಎಣಿಕೆಗೆ ಇಲ್ಲ, ಅನುಮೋದನೆಯ ಕ್ಲಿಕ್ ಕೂಡ ಟಚ್, ಟಾಲರೆನ್ಸ್ ಬದಲಾಯಿಸಿದರೆ ಹಳೆಯ ತಿಂಗಳುಗಳನ್ನೂ ಹೊಸ ಮಿತಿಯಲ್ಲಿ ಮತ್ತೆ ಲೆಕ್ಕ ಹಾಕಬೇಕು, ಮತ್ತು ತಿಂಗಳ ಅಂಕಿ ಅಂತಿಮವಾಗುವುದು ಮುಂದಿನ ತಿಂಗಳ 2ಬಿ ತಾಳೆಯಾದ ಮೇಲೆ ಮಾತ್ರ. ಹೀಗೆ ಬರೆದರೆ 62 ಅಂತ ಹೇಳಿದ್ದ ಅಂಕಿ 31ಕ್ಕೋ, ಅದಕ್ಕೂ ಕೆಳಗೋ ಇಳಿಯುತ್ತದೆ. ಮೊದಲ ರಿಪೋರ್ಟ್ ನೋಡಿ ಮೇಲಿನವರು ಗಾಬರಿಯಾಗುತ್ತಾರೆ, ಅದನ್ನು ಮೊದಲೇ ಅವರಿಗೆ ಹೇಳಿಟ್ಟಿರಿ.